ಕಂತು ಏರಲಿಲ್ಲ, ಸಾಲದ ಅವಧಿ ಬೆಳೆಯಿತು

ಕಂಪ್ಲಿ ತಾಲ್ಲೂಕಿನ ಮೆಟ್ರಿಯಲ್ಲಿ ಒಂದು ಮನೆಯಿದೆ ಎಂದುಕೊಳ್ಳೋಣ. ಮಗನಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. 2022ರ ಏಪ್ರಿಲ್‌ನಲ್ಲಿ ಹೊಸಪೇಟೆಯ ಬ್ಯಾಂಕೊಂದರಲ್ಲಿ 25 ಲಕ್ಷ ರೂಪಾಯಿ ಗೃಹಸಾಲ ತೆಗೆದಿದ್ದಾನೆ. ಅವಧಿ 20 ವರ್ಷ, ಬಡ್ಡಿ ಶೇ 7, ತಿಂಗಳ ಕಂತು 19,382 ರೂಪಾಯಿ. ಕಂತು ಒಂದು ತಿಂಗಳೂ ತಪ್ಪಿಲ್ಲ. ಒಂದು ವರ್ಷದ ನಂತರವೂ ಖಾತೆಯಿಂದ ಕಡಿತವಾಗುತ್ತಿರುವುದು ಅದೇ 19,382. ಆದರೆ ಸಾಲ ಮಾತ್ರ ಕರಗುವುದನ್ನೇ ಬಿಟ್ಟಿದೆ. ಇದಕ್ಕೆ ಕಾರಣ, ಅವನು ತೆಗೆದುಕೊಂಡದ್ದು ಫ್ಲೋಟಿಂಗ್ ಬಡ್ಡಿಯ ಸಾಲ.

ಫ್ಲೋಟಿಂಗ್ ಬಡ್ಡಿಯಲ್ಲಿ ಎರಡು ಭಾಗಗಳಿರುತ್ತವೆ. ಒಂದು ಆಧಾರ ದರ, ಇನ್ನೊಂದು ಬ್ಯಾಂಕು ಅದರ ಮೇಲೆ ಸೇರಿಸುವ ಅಂಶ. ಈ ಎರಡನೆಯದನ್ನು ಸ್ಪ್ರೆಡ್ ಎನ್ನುತ್ತಾರೆ. 2019ರ ಅಕ್ಟೋಬರ್ 1ರಿಂದ ವಾಣಿಜ್ಯ ಬ್ಯಾಂಕುಗಳು ಹೊಸ ಫ್ಲೋಟಿಂಗ್ ಗೃಹಸಾಲಗಳನ್ನು ಹೊರಗಿನ ಆಧಾರ ದರವೊಂದಕ್ಕೆ ಕಟ್ಟಬೇಕು. ಬಹುಪಾಲು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ ಕಟ್ಟಿವೆ. ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿಯನ್ನು ಅದಕ್ಕೆ ಹೊಂದಿಸಬೇಕು. ಇದೇ ರೀಸೆಟ್. ತುಂಗಭದ್ರೆಯ ತೂಬು ಎತ್ತಿದ ಮೇಲೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಲು ಸಮಯ ಹಿಡಿಯುವಂತೆ, ರೆಪೊ ಬದಲಾವಣೆಯೂ ಸಾಲಗಾರನನ್ನು ಕೊಂಚ ತಡವಾಗಿ ಮುಟ್ಟುತ್ತದೆ. ಗ್ರಾಮೀಣ ಬ್ಯಾಂಕುಗಳಿಗೂ ಗೃಹಹಣಕಾಸು ಕಂಪನಿಗಳಿಗೂ 2019ರ ಈ ನಿಯಮ ಅನ್ವಯಿಸಲಿಲ್ಲ. ಹಾಗಾಗಿ ಅಲ್ಲಿ ಸಾಲ ತೆಗೆದವರು ತಮ್ಮ ಬಡ್ಡಿ ಯಾವುದಕ್ಕೆ ಕಟ್ಟಿದೆ ಎಂದು ಮೊದಲು ಕೇಳಿಕೊಳ್ಳಬೇಕು.

2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತು. ನಮ್ಮ ಮೆಟ್ರಿಯ ಸಾಲದ ಬಡ್ಡಿ ಶೇ 9.5 ಆಯಿತು. ಏರಿಕೆ ಮೆಟ್ಟಿಲು ಮೆಟ್ಟಿಲಾಗಿ ಬಂದದ್ದು. ಲೆಕ್ಕ ಸುಲಭವಾಗಲೆಂದು ಒಂದು ವರ್ಷದ ನಂತರ ಒಮ್ಮೆಲೇ ಬಂತೆಂದು ಹಿಡಿಯೋಣ. ಆಗ ಉಳಿದ ಅಸಲು ಸುಮಾರು 24.40 ಲಕ್ಷ. ಅದಕ್ಕೆ ಶೇ 9.5ರಂತೆ ಒಂದು ತಿಂಗಳ ಬಡ್ಡಿಯೇ 19,321 ರೂಪಾಯಿ. ಅಂದರೆ 19,382ರ ಕಂತಿನಲ್ಲಿ ಅಸಲಿಗೆ ಸೇರುವುದು ಬರೀ 61 ರೂಪಾಯಿ! ಈ ಗತಿಯಲ್ಲಿ ಸಾಲ ತೀರಲು ಇನ್ನೂ ಸುಮಾರು 61 ವರ್ಷ ಬೇಕು. ಬಡ್ಡಿ ಇನ್ನೊಂದು ಚೂರು ಏರಿದ್ದರೆ ಕಂತು ಬಡ್ಡಿಗೂ ಸಾಲದೆ, ಉಳಿದ ಬಡ್ಡಿ ಅಸಲಿಗೆ ಸೇರಿ, ಕಟ್ಟುತ್ತಲೇ ಸಾಲ ಹಿಗ್ಗುತ್ತಿತ್ತು.

ಬಡ್ಡಿ ಏರಿದಾಗ ಕಂತನ್ನು ಹಾಗೇ ಬಿಟ್ಟು ಅವಧಿಯನ್ನು ಹಿಗ್ಗಿಸುವುದು ಅನೇಕ ಬ್ಯಾಂಕುಗಳ ರೂಢಿಯಾಗಿತ್ತು. ಸಾಲಗಾರನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಆದ್ದರಿಂದ 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಆದೇಶ ಹೊರಡಿಸಿತು. ಗ್ರಾಮೀಣ ಬ್ಯಾಂಕು, ಸಹಕಾರಿ ಬ್ಯಾಂಕು, ಗೃಹಹಣಕಾಸು ಕಂಪನಿಗಳೂ ಇದರ ವ್ಯಾಪ್ತಿಗೆ ಬರುತ್ತವೆ. ರೀಸೆಟ್ ಆದಾಗ ಕಂತು ಏರಿಸುವುದೋ, ಅವಧಿ ಹಿಗ್ಗಿಸುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ ಎಂಬ ಆಯ್ಕೆ ಸಾಲಗಾರನದು. ಕಂತು ಬಡ್ಡಿಗಿಂತ ಕಡಿಮೆಯಾಗಿ ಸಾಲ ಹಿಗ್ಗುವಂತೆ ಅವಧಿಯನ್ನು ವಿಸ್ತರಿಸಕೂಡದು.

ಆಯ್ಕೆಯ ಬೆಲೆ ಎಷ್ಟು? ಉಳಿದ 19 ವರ್ಷದಲ್ಲೇ ತೀರಿಸಬೇಕೆಂದರೆ ಕಂತು 23,157 ರೂಪಾಯಿಗೆ ಏರುತ್ತದೆ. ಉಳಿದ ಅವಧಿಯನ್ನು 25 ವರ್ಷಕ್ಕೆ ಹಿಗ್ಗಿಸಿದರೆ ಕಂತು 21,323. ತಿಂಗಳಿಗೆ 1,834 ರೂಪಾಯಿ ಹಗುರ; ಆದರೆ ಬಡ್ಡಿ ಹೀಗೇ ಉಳಿದರೆ ಕೊನೆಗೆ ಒಟ್ಟು 11 ಲಕ್ಷದಷ್ಟು ಹೆಚ್ಚು ಕಟ್ಟಿರುತ್ತಾನೆ. ಮೂರನೆಯ ದಾರಿ, ಅಸಲಿನ ಒಂದು ಭಾಗವನ್ನು ಒಮ್ಮೆಲೇ ಕಟ್ಟುವುದು. ಭತ್ತ ಮಾರಿದ 2 ಲಕ್ಷವನ್ನು ಬಡ್ಡಿ ಏರಿದಾಗಲೇ ಕಟ್ಟಿ, 19,382ರ ಕಂತನ್ನೇ ಮುಂದುವರಿಸಿದರೂ 61 ವರ್ಷ 26 ವರ್ಷಕ್ಕೆ ಇಳಿಯುತ್ತದೆ. ಮನೆ ಸಾಲ ಫ್ಲೋಟಿಂಗ್ ಆಗಿದ್ದರೆ ಹೀಗೆ ಮುಂಗಡ ಕಟ್ಟಿದ್ದಕ್ಕೆ ಬ್ಯಾಂಕು ದಂಡ ಹಾಕುವಂತಿಲ್ಲ.

ಫಿಕ್ಸೆಡ್ ಬಡ್ಡಿಯೇ ಒಳ್ಳೆಯದಿತ್ತೇ? ಅದರಲ್ಲಿ ಇಂಥ ಆಘಾತವಿಲ್ಲ, ಆದರೆ ಆ ನೆಮ್ಮದಿಗೆ ಸಾಮಾನ್ಯವಾಗಿ ಮೊದಲ ದಿನದಿಂದಲೇ ಹೆಚ್ಚಿನ ಬಡ್ಡಿ ತೆರಬೇಕು. ಕೆಲವು ‘ಫಿಕ್ಸೆಡ್’ ಸಾಲಗಳು ಮೊದಲ ಕೆಲವು ವರ್ಷ ಮಾತ್ರ ಸ್ಥಿರವಾಗಿದ್ದು, ಆಮೇಲೆ ಫ್ಲೋಟಿಂಗ್ ಆಗುತ್ತವೆ. ಕರಾರುಪತ್ರದಲ್ಲಿ ಆ ಷರತ್ತನ್ನು ಹುಡುಕಿ ಓದಬೇಕು. ಬಡ್ಡಿ ಇಳಿದಾಗ ಫಿಕ್ಸೆಡ್‌ನವರಿಗೆ ಲಾಭ ಸಿಗುವುದಿಲ್ಲ. 2025ರಲ್ಲಿ ರೆಪೊ ದರ ಶೇ 6.5ರಿಂದ 5.25ಕ್ಕೆ ಇಳಿಯಿತು. ಆಗ ಫ್ಲೋಟಿಂಗ್ ಸಾಲಗಾರನ ಬಡ್ಡಿ ಇಳಿದರೂ ಅವನು ದೊಡ್ಡ ಕಂತನ್ನೇ ಮುಂದುವರಿಸಿದರೆ, ಹಿಗ್ಗಿದ ವರ್ಷಗಳು ಮತ್ತೆ ಕುಗ್ಗುತ್ತವೆ.

ಇಷ್ಟನ್ನೆಲ್ಲ ತಿಳಿಯಲು ದೊಡ್ಡ ಲೆಕ್ಕ ಬೇಕಿಲ್ಲ. ಪ್ರತಿ ತ್ರೈಮಾಸಿಕದ ಕೊನೆಗೆ ಬ್ಯಾಂಕು ಕೊಡಬೇಕಾದ ಪಟ್ಟಿಯಲ್ಲಿ ಅಲ್ಲಿಯವರೆಗೆ ಜಮೆಯಾದ ಅಸಲು ಮತ್ತು ಬಡ್ಡಿ, ಈಗಿನ ಬಡ್ಡಿದರ, ಉಳಿದ ಕಂತುಗಳ ಸಂಖ್ಯೆ ಇರಬೇಕು. ಕಳೆದ ಪಟ್ಟಿಗಿಂತ ಈ ಬಾರಿ ಉಳಿದ ಕಂತುಗಳು ಮೂರು ಕಡಿಮೆಯಾಗಿರಬೇಕು. ಆಗಿಲ್ಲವೆಂದರೆ ರೀಸೆಟ್ ನಿಮ್ಮ ಅವಧಿಯನ್ನು ಮುಟ್ಟಿದೆ. ಆ ಪಟ್ಟಿಯನ್ನು ಹಿಡಿದುಕೊಂಡೇ ಶಾಖೆಗೆ ಹೋಗಿ, ಯಾವ ದಾರಿ ಬೇಕೆಂದು ಬರಹದಲ್ಲಿ ಕೊಡಿ.