ದೀಪಕ್ಕೆ ಮೂರ್, ಟೈಮರಿಗೆ ಮೀಲಿ

ಒಂದು ಕಾಲಕ್ಕೆ ಕನ್ನಡ ಸಿನಿಮಾಗಳೂ ತಯಾರಾಗುತ್ತಿದ್ದ ಚೆನ್ನೈನ ಕೋಡಂಬಾಕ್ಕಂನಲ್ಲಿ ಆರ್ಕಾಟ್ ರಸ್ತೆಗೆ ಒಂದು ಅಡ್ಡರಸ್ತೆ ಬಂದು ಸೇರುವ ಕಡೆ ಸಿಗ್ನಲ್ ಹಾಕಬೇಕು ಎಂದಿಟ್ಟುಕೊಳ್ಳೋಣ. ಅಡ್ಡರಸ್ತೆಯಲ್ಲಿ ವಾಹನ ಬಂದು ನಿಂತರೆ ಸೆನ್ಸರ್ ತಿಳಿಸುತ್ತದೆ. ಅಲ್ಲಿಯವರೆಗೆ ಮುಖ್ಯರಸ್ತೆಗೆ ಹಸಿರು. ಇದನ್ನು ನಡೆಸುವ ಯಂತ್ರ ಯಾವಾಗಲೂ ನಾಲ್ಕು ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ: ಮುಖ್ಯರಸ್ತೆಗೆ ಹಸಿರು, ಮುಖ್ಯರಸ್ತೆಗೆ ಹಳದಿ, ಅಡ್ಡರಸ್ತೆಗೆ ಹಸಿರು, ಅಡ್ಡರಸ್ತೆಗೆ ಹಳದಿ. ಒಂದು ರಸ್ತೆಗೆ ಹಸಿರೋ ಹಳದಿಯೋ ಇರುವಾಗ ಇನ್ನೊಂದಕ್ಕೆ ಕೆಂಪು. ಯಾವಾಗ ದಾಟಬೇಕೆಂದು ಹೇಳುವ ಇನ್‌ಪುಟ್‌ಗಳು ಮೂರು: ಸೆನ್ಸರ್, ಹಸಿರಿನ ದೀರ್ಘ ಅವಧಿ ಮುಗಿದ ಸೂಚನೆ, ಹಳದಿಯ ಕಿರು ಅವಧಿ ಮುಗಿದ ಸೂಚನೆ. ಇಂಥದ್ದಕ್ಕೆ ಫೈನೈಟ್ ಸ್ಟೇಟ್ ಮಷೀನ್ ಎನ್ನುತ್ತಾರೆ. ಕಾರ್ವರ್ ಮೀಡ್ ಮತ್ತು ಲಿನ್ ಕಾನ್ವೇ ಅವರ 1980ರ ಚಿಪ್ ವಿನ್ಯಾಸದ ಪಠ್ಯಪುಸ್ತಕದಲ್ಲಿ ಹೆದ್ದಾರಿಗೆ ಹಳ್ಳಿರಸ್ತೆ ಸೇರುವ ಕಡೆಯ ಸಿಗ್ನಲ್ ಇದೇ ಮಾದರಿಯದು.

ಯಂತ್ರದ ಔಟ್‌ಪುಟ್ ಬರೆಯಲು ಎರಡು ದಾರಿಗಳಿವೆ. ಜಾರ್ಜ್ ಮೀಲಿ 1955ರಲ್ಲಿ ವಿವರಿಸಿದ ಯಂತ್ರದಲ್ಲಿ ಔಟ್‌ಪುಟ್ ಈಗಿನ ಸ್ಥಿತಿಯನ್ನೂ ಈಗಿನ ಇನ್‌ಪುಟ್ಟನ್ನೂ ನೋಡುತ್ತದೆ. ಎಡ್ವರ್ಡ್ ಮೂರ್ 1956ರಲ್ಲಿ ವಿವರಿಸಿದ ಯಂತ್ರದಲ್ಲಿ ಸ್ಥಿತಿಯನ್ನು ಮಾತ್ರ ನೋಡುತ್ತದೆ. ವಿಎಚ್‌ಡಿಎಲ್‌ನಲ್ಲಿ ಮುಖ್ಯರಸ್ತೆಯ ಹಳದಿ ದೀಪವನ್ನು ಎರಡೂ ರೀತಿಯಲ್ಲಿ ಬರೆದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಇಲ್ಲಿ `MG` ಮುಖ್ಯರಸ್ತೆಯ ಹಸಿರು ಸ್ಥಿತಿ, `MY` ಹಳದಿ ಸ್ಥಿತಿ, `car` ಸೆನ್ಸರ್, `t_long` ದೀರ್ಘ ಅವಧಿ ಮುಗಿದ ಸೂಚನೆ.

```vhdl
-- ಮೂರ್
main_yellow <= '1' when state = MY else '0';

-- ಮೀಲಿ
main_yellow <= '1' when state = MY or
  (state = MG and car = '1' and t_long = '1')
  else '0';
```

ಮೀಲಿ ಸಾಲಿನಲ್ಲಿ ಸ್ಥಿತಿ ಬದಲಾಗುವ ಮೊದಲೇ ಹಳದಿ ಹೊತ್ತಿಕೊಳ್ಳುತ್ತದೆ. ಬೇಗ ಸ್ಪಂದಿಸುವುದು ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ಬೋರ್ಡಿನ ಕ್ಲಾಕ್ 50 ಮೆಗಾಹರ್ಟ್ಸ್ ಆಗಿದ್ದು, ಪ್ರತಿ ಮಿಡಿತಕ್ಕೂ ಸ್ಥಿತಿ ಬದಲಾಗಬಹುದಾದರೆ ಉಳಿಯುವ ಸಮಯ ಹೆಚ್ಚೆಂದರೆ 20 ನ್ಯಾನೊಸೆಕೆಂಡ್. ರಸ್ತೆಯ ಮೇಲೆ ಅದರಿಂದ ಏನೂ ಲಾಭವಿಲ್ಲ, ನಷ್ಟವೂ ಇಲ್ಲ. ಆದರೆ ಇಂಥ ವಿನ್ಯಾಸಗಳಲ್ಲಿ ಸೆಕೆಂಡಿಗೊಮ್ಮೆ ಒಪ್ಪಿಗೆ ಸಿಕ್ಕಾಗ ಮಾತ್ರ ಸ್ಥಿತಿ ಬದಲಿಸುವ ರೂಢಿಯೂ ಇದೆ. ಆಗ ಲೆಕ್ಕ ತಲೆಕೆಳಗಾಗುತ್ತದೆ. ದೀರ್ಘ ಅವಧಿ ಮುಗಿದಿದೆ, ಅಡ್ಡರಸ್ತೆಗೆ ಸ್ಕೂಟರ್ ಬಂತು, ಆರ್ಕಾಟ್ ರಸ್ತೆಗೆ ಹಳದಿ ಹೊತ್ತಿತು. 0.4 ಸೆಕೆಂಡಿನಲ್ಲಿ, ಮುಂದಿನ ಒಪ್ಪಿಗೆ ಬರುವ ಮೊದಲೇ, ಸ್ಕೂಟರ್ ಸೆನ್ಸರಿನಿಂದ ಹಿಂದೆ ಸರಿಯಿತು. ಸ್ಥಿತಿ ಬದಲಾಗಲೇ ಇಲ್ಲ. ದೀಪ ಮತ್ತೆ ಹಸಿರಾಯಿತು. ಮುಂದಿದ್ದ ಬಸ್ಸಿನವನು ಬ್ರೇಕ್ ಒತ್ತಿದ್ದಾನೆ, ಹಿಂದಿನವನು ಹಸಿರು ನೋಡಿ ನುಗ್ಗುತ್ತಿದ್ದಾನೆ. ಸೆನ್ಸರಿನ ಸಂಕೇತವನ್ನು ಎರಡು ಫ್ಲಿಪ್‌ಫ್ಲಾಪ್‌ಗಳ ಮೂಲಕ ಕ್ಲಾಕಿಗೆ ಹೊಂದಿಸಿದರೂ ಈ ತೊಂದರೆ ತಪ್ಪುವುದಿಲ್ಲ. ಆ ಸಂಕೇತ ಸೆಕೆಂಡಿನ ನಡುವೆಯೇ ನಿಜವಾಗಿ ಬಂದು ಹೋಗಿದೆ. ಮೂರ್ ಸಾಲಿನಲ್ಲಾದರೆ ಇದು ಸಾಧ್ಯವೇ ಇಲ್ಲ: ಹಳದಿ ಬಂತೆಂದರೆ ಸ್ಥಿತಿ ಬದಲಾಗಿದೆ, ಹಳದಿಯ ಅವಧಿ ಪೂರ್ತಿ ಸಿಗುತ್ತದೆ.

ಮೂರ್ ಯಂತ್ರದಲ್ಲೂ ದೀಪ ಕ್ಷಣಕಾಲ ತಪ್ಪು ತೋರಿಸಬಹುದು ಎಂಬ ಆಕ್ಷೇಪ ಸರಿಯಾದದ್ದೇ. ನಾಲ್ಕು ಸ್ಥಿತಿಗಳಿಗೆ ಅನುಕ್ರಮವಾಗಿ 00, 01, 10, 11 ಎಂದು ಸಂಕೇತ ಕೊಟ್ಟರೆ 01ರಿಂದ 10ಕ್ಕೆ ಹೋಗುವಾಗ ಎರಡು ಬಿಟ್‌ಗಳೂ ಬದಲಾಗಬೇಕು. ಒಂದು ತುಸು ಮೊದಲು ಬದಲಾದರೆ ಕೆಲವು ನ್ಯಾನೊಸೆಕೆಂಡ್ ಬೇರೆ ಸ್ಥಿತಿಯ ದೀಪಕ್ಕೆ ಸಂಕೇತ ಹೋದೀತು. 00, 01, 11, 10 ಎಂದು ಕ್ರಮ ಬದಲಿಸಿದರೆ ಪ್ರತಿ ಹೆಜ್ಜೆಗೂ ಒಂದೇ ಬಿಟ್ ಬದಲಾಗುತ್ತದೆ. ದೀಪದ ಸಂಕೇತವನ್ನು ಫ್ಲಿಪ್‌ಫ್ಲಾಪ್‌ನಿಂದ ನೇರವಾಗಿ ಹೊರತಂದರೆ ಇನ್ನೂ ಭದ್ರ.

ಹಾಗೆಂದು ಮೀಲಿ ಶೈಲಿಯನ್ನು ಪೂರ್ತಿ ಕೈಬಿಡಬೇಕಿಲ್ಲ. ಮೀಡ್–ಕಾನ್ವೇ ಮಾದರಿಯಲ್ಲೇ ದೀಪಗಳು ಸ್ಥಿತಿಯನ್ನು ಮಾತ್ರ ಅವಲಂಬಿಸಿದರೆ, ಟೈಮರನ್ನು ಮತ್ತೆ ಶುರುಮಾಡುವ ಆಜ್ಞೆ ಇನ್‌ಪುಟ್ಟನ್ನೂ ನೋಡುತ್ತದೆ. ಅದನ್ನೂ ಮೂರ್ ರೀತಿಯಲ್ಲಿ ಬರೆದರೆ ಟೈಮರನ್ನು ಸೊನ್ನೆಗೆ ತರುವುದಕ್ಕೆಂದೇ ಪ್ರತಿ ಹಂತಕ್ಕೆ ಒಂದು ಹೆಚ್ಚುವರಿ ಸ್ಥಿತಿ ಬೇಕಾಗಿ ನಾಲ್ಕು ಎಂಟಾಗುತ್ತವೆ. ಮೀಲಿ ರೀತಿಯಲ್ಲಿ ಸ್ಥಿತಿ ದಾಟುವ ಮಿಡಿತದಲ್ಲೇ ಟೈಮರ್ ಸೊನ್ನೆಗೆ ಬರುತ್ತದೆ. ಆ ಆಜ್ಞೆ ನಡುವೆ ಏರಿಳಿದರೂ ಹಾನಿಯಿಲ್ಲ, ಏಕೆಂದರೆ ಟೈಮರ್ ಅದನ್ನು ಓದುವುದು ಸ್ಥಿತಿ ಬದಲಾಗುವ ಅದೇ ಮಿಡಿತದಲ್ಲಿ ಮಾತ್ರ. ಚಾಲಕ ಹಾಗಲ್ಲ, ದೀಪವನ್ನು ಎಡೆಬಿಡದೆ ನೋಡುತ್ತಿರುತ್ತಾನೆ. ಆದ್ದರಿಂದ ಶೈಲಿಯನ್ನು ಇಡೀ ಯಂತ್ರಕ್ಕೆ ಒಂದೇ ಎಂದು ಆರಿಸುವುದಕ್ಕಿಂತ, ಔಟ್‌ಪುಟ್ಟನ್ನು ಯಾರು, ಯಾವಾಗ ಓದುತ್ತಾರೆ ಎಂದು ನೋಡಿ ಒಂದೊಂದಕ್ಕೂ ಆರಿಸುವುದು ಸರಿ.

ದೀಪಗಳಿಗೆ ಮೂರ್ ಶೈಲಿ ಆರಿಸಿದರೆ ಸುರಕ್ಷತೆಯನ್ನು ಪರೀಕ್ಷಿಸುವವರಿಗೂ ಅನುಕೂಲ. ಎರಡೂ ರಸ್ತೆಗಳಿಗೆ ಒಟ್ಟಿಗೆ ಹಸಿರು ಬರುವುದಿಲ್ಲ ಎಂದು ಖಚಿತಪಡಿಸಿಕೊಳ್ಳಲು ಮೂರ್ ದೀಪಗಳಲ್ಲಿ ನಾಲ್ಕು ಸಾಲು ಓದಿದರೆ ಸಾಕು. ಮೀಲಿ ದೀಪಗಳಲ್ಲಿ ಮೂರು ಇನ್‌ಪುಟ್‌ಗಳ ಎಂಟು ಜೋಡಣೆಗಳನ್ನೂ ಪ್ರತಿ ಸ್ಥಿತಿಗೂ ನೋಡಬೇಕು, ಒಟ್ಟು 32. ಪಾದಚಾರಿಗಳಿಗೆಂದು ಒಂದು ಗುಂಡಿಯನ್ನೂ ಅವರು ದಾಟುವ ಒಂದು ಸ್ಥಿತಿಯನ್ನೂ ಸೇರಿಸಿದರೆ ಅದು 80 ಆಗುತ್ತದೆ. ಮೂರ್ ಪಟ್ಟಿಗೆ ಸೇರುವುದು ಆ ಸ್ಥಿತಿಯ ಒಂದೇ ಸಾಲು.