ಎಕ್ಸ್‌ಟ್ರಾ ಬೆಡ್ ಸೇರಿದರೆ ಹೋಟೆಲ್ ಬಿಲ್ ಜಿಗಿಯುವುದು ಏಕೆ?

ರಜೆಗೆ ಮಡಿಕೇರಿಗೋ ಚಿಕ್ಕಮಗಳೂರಿಗೋ ಹೊರಟವರು ರೂಮ್ ಹುಡುಕುವಾಗ ನೋಡುವುದು ಒಂದು ರಾತ್ರಿಯ ಬಾಡಿಗೆಯನ್ನು. ಎರಡು ರಾತ್ರಿಯಾದರೆ ಅದನ್ನು ಇಮ್ಮಡಿ ಮಾಡಿ, ಮೇಲೆ ಒಂದಿಷ್ಟು ತೆರಿಗೆ ಬೀಳಬಹುದು ಅಂದುಕೊಳ್ಳುತ್ತಾರೆ. ಆದರೆ ಕೊನೆಯ ಮೊತ್ತವನ್ನು ಏರಿಸುವುದೂ ಇಳಿಸುವುದೂ ಹೆಚ್ಚಾಗಿ 7,500 ರೂಪಾಯಿಯ ಒಂದು ಗೆರೆ.

2025ರ ಸೆಪ್ಟೆಂಬರ್ 22ರಿಂದ, ಒಂದು ರೂಮಿನ ಒಂದು ರಾತ್ರಿಯ ಬೆಲೆ 7,500 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಜಿಎಸ್‌ಟಿ ಶೇ 5. ಮೊದಲು ಇದು ಶೇ 12 ಇತ್ತು. 7,500 ದಾಟಿದರೆ ಶೇ 18. ದಾಟಿದ ಭಾಗಕ್ಕೆ ಮಾತ್ರ ಹೆಚ್ಚು ತೆರಿಗೆ ಎಂಬ ರಿಯಾಯಿತಿ ಇಲ್ಲಿಲ್ಲ, ಪೂರ್ತಿ ಮೊತ್ತದ ಮೇಲೆ ಶೇ 18 ಬೀಳುತ್ತದೆ. 7,500ಕ್ಕೆ ತೆರಿಗೆ 375 ರೂಪಾಯಿ. ಒಂದೇ ರೂಪಾಯಿ ಹೆಚ್ಚಾಗಿ 7,501 ಆದರೆ ಸುಮಾರು 1,350.

ಗೆರೆಯ ಯಾವ ಬದಿಗೆ ನೀವಿದ್ದೀರಿ ಎಂದು ನೋಡುವಾಗ ಬೋರ್ಡಿನ ಮೇಲೆ ಬರೆದ ದರ ಲೆಕ್ಕಕ್ಕಿಲ್ಲ, ನಿಮಗೆ ನಿಜವಾಗಿ ಹಾಕಿದ ಬೆಲೆ ಮುಖ್ಯ. ಎಕ್ಸ್‌ಟ್ರಾ ಬೆಡ್ ರೂಮಿನ ವಾಸದ ಜೊತೆಗೇ ಬರುವಂಥದ್ದಾದ್ದರಿಂದ ಅದರ ಹಣವೂ ಆ ಬೆಲೆಗೆ ಸೇರುತ್ತದೆ. ಮೊದಲೇ ಬುಕ್ ಮಾಡಿದ್ದಕ್ಕೆ ಸಿಗುವ ರಿಯಾಯಿತಿ ಬಿಲ್ಲಿನಲ್ಲೇ ಕಾಣಿಸಿದ್ದರೆ ಅದನ್ನು ಕಳೆದ ಮೇಲೆ ತೆರಿಗೆ ಹಾಕಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಗಂಡ, ಹೆಂಡತಿ, ಹತ್ತು ವರ್ಷದ ಮಗಳು ಗುರುವಾರ ಮತ್ತು ಶುಕ್ರವಾರ ರಾತ್ರಿ ಉಳಿಯುತ್ತಾರೆ. ರೂಮಿಗೆ ರಾತ್ರಿಗೆ 7,200, ಮಗಳ ಬೆಡ್‌ಗೆ 1,200. ರೂಮಿನ ದರ ಮಾತ್ರ ನೋಡಿದರೆ ಗೆರೆಯ ಒಳಗೇ ಇದೆ. ಬೆಡ್ ಸೇರಿದಾಗ 8,400 ಆಗಿ ತೆರಿಗೆ 1,512 ಬೀಳುತ್ತದೆ. ಎರಡು ರಾತ್ರಿಗೆ ಒಟ್ಟು 19,824.

ಅದೇ ಕುಟುಂಬ ಮೊದಲೇ ಬುಕ್ ಮಾಡಿ ರೂಮ್ ಬಾಡಿಗೆಯ ಮೇಲೆ ಶೇ 15 ರಿಯಾಯಿತಿ ಪಡೆಯಿತು ಎನ್ನಿ. ಬಾಡಿಗೆ 6,120ಕ್ಕೆ ಇಳಿಯುತ್ತದೆ. ಬೆಡ್ಡಿನ 1,200 ಕೂಡಿಸಿದರೆ 7,320, ಅಂದರೆ ಗೆರೆಯ ಒಳಗೆ. ತೆರಿಗೆ 366, ಎರಡು ರಾತ್ರಿಗೆ ಒಟ್ಟು 15,372. ಉಳಿದದ್ದು 4,452 ರೂಪಾಯಿ. ಅದರಲ್ಲಿ ರಿಯಾಯಿತಿಯ ಪಾಲು 2,160. ಮಿಕ್ಕ 2,292 ತೆರಿಗೆ ಇಳಿದದ್ದರಿಂದ ಬಂದದ್ದು. ಹೋಟೆಲಿನವರು ಬಿಟ್ಟುಕೊಟ್ಟದ್ದಕ್ಕಿಂತ ಹೆಚ್ಚು ತೆರಿಗೆಯಲ್ಲೇ ಉಳಿಯಿತು!

ಆದ್ದರಿಂದ ರಿಯಾಯಿತಿ ಯಾವ ರೂಪದಲ್ಲಿ ಸಿಗುತ್ತದೆ ಎಂದು ಬುಕ್ ಮಾಡುವ ಮುಂಚೆಯೇ ನೋಡಿಕೊಳ್ಳಿ. ಅದೇ 1,080 ರೂಪಾಯಿ ನಂತರ ಕ್ಯಾಶ್‌ಬ್ಯಾಕ್ ಆಗಿ ಬಂದರೆ ಹೋಟೆಲಿನ ಬಿಲ್ 8,400ಕ್ಕೇ ನಿಲ್ಲುತ್ತದೆ, ಶೇ 18 ತೆರಿಗೆಯೂ ಉಳಿಯುತ್ತದೆ. ಆಗ ಒಂದು ರಾತ್ರಿಗೆ ಕೈಯಿಂದ ಹೋಗುವುದು 8,832. ಬಿಲ್ಲಿನಲ್ಲೇ ಕಳೆದಿದ್ದರೆ 7,686 ಸಾಕಿತ್ತು. ಜಾಹೀರಾತಿನಲ್ಲಿ ಎರಡೂ ‘ಶೇ 15 ಉಳಿತಾಯ’ ಎಂದೇ ಕಾಣುತ್ತವೆ.

ಶನಿವಾರವೂ ಉಳಿದರೆ ಇನ್ನೊಂದು ತೊಡಕಿದೆ. ವಾರಾಂತ್ಯಕ್ಕೆ ಬಾಡಿಗೆ 8,400 ಆಯಿತು ಎನ್ನೋಣ. ರಿಯಾಯಿತಿ ಕಳೆದು 7,140, ಬೆಡ್ ಸೇರಿ 8,340. ಆ ರಾತ್ರಿಗೆ ಶೇ 18 ಕಟ್ಟಲೇಬೇಕು. ಆದರೆ ಗುರುವಾರ, ಶುಕ್ರವಾರಕ್ಕೆ ಶೇ 5 ಹಾಗೇ ಇರಬೇಕು, ಏಕೆಂದರೆ ತೆರಿಗೆಯ ದರ ನಿರ್ಧಾರವಾಗುವುದು ಒಂದೊಂದು ದಿನಕ್ಕೆ. ಮೂರು ರಾತ್ರಿಯನ್ನೂ ಒಟ್ಟುಗೂಡಿಸಿ 22,980ರ ಮೇಲೆ ಶೇ 18 ಹಾಕಿದರೆ ತೆರಿಗೆ 4,136 ರೂಪಾಯಿಗೆ ಏರುತ್ತದೆ. ದಿನದ ಲೆಕ್ಕದಲ್ಲಿ ಬರಬೇಕಾದದ್ದು 2,233. ಚೆಕ್‌ಔಟ್ ಹೊತ್ತಿನ ಗಡಿಬಿಡಿಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ರಾತ್ರಿವಾರು ವಿವರ ಇರುವ ಬಿಲ್ ಕೇಳಿ ಪಡೆಯುವುದು ಒಳ್ಳೆಯದು.

ಬಿಲ್ಲಿನಲ್ಲಿ ತೆರಿಗೆ ಎರಡು ಸಾಲಾಗಿ ಒಡೆದಿರುತ್ತದೆ, ಸಿಜಿಎಸ್‌ಟಿ ಒಂದು, ಎಸ್‌ಜಿಎಸ್‌ಟಿ ಇನ್ನೊಂದು. ಎರಡರಲ್ಲೂ 2.5 ಎಂದಿದ್ದರೆ ಶೇ 5ರ ದರ, 9 ಎಂದಿದ್ದರೆ ಶೇ 18. 9 ಕಂಡರೆ ಅದರ ಮೇಲಿನ ಸಾಲಿನಲ್ಲಿ ಆ ರಾತ್ರಿಯ ಮೊತ್ತ 7,500 ದಾಟಿದೆಯೇ, ರಿಯಾಯಿತಿಯನ್ನು ತೆರಿಗೆಗೆ ಮೊದಲೇ ಕಳೆದಿದ್ದಾರೆಯೇ ಎಂದು ನೋಡಿ. ತೆರಿಗೆ ಹಾಕಿದ ಮೇಲೆ ಕಳೆದಿದ್ದರೆ ಬಿಲ್ ಸರಿಪಡಿಸಿಕೊಡಿ ಎಂದು ಕೌಂಟರಿನಲ್ಲೇ ಕೇಳಬಹುದು.

ಬುಕ್ ಮಾಡುವಾಗಲೇ ‘ಮೂವರು’ ಎಂದು ತಿಳಿಸಿ ಬೆಡ್ ಸೇರಿಸಿಕೊಳ್ಳಿ. ಇಬ್ಬರ ಲೆಕ್ಕದಲ್ಲಿ ಬುಕ್ ಮಾಡಿ, ಹೋದ ಮೇಲೆ ಬೆಡ್ ಕೇಳಿದರೆ ಅದರ ದರವನ್ನು ಹೋಟೆಲಿನವರು ಹೇಳಿದಂತೆ ಕೊಡಬೇಕಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಬೆಡ್ಡಿಗೆ 1,200ರ ಬದಲು 1,400 ಕೇಳಿದರೂ ಸಾಕು, ಮೊತ್ತ 7,520 ಆಗಿ ಆ ರಾತ್ರಿಯ ತೆರಿಗೆ 366ರಿಂದ 1,354ಕ್ಕೆ ಹೋಗುತ್ತದೆ.