ಯಂತ್ರ ಕೊಟ್ಟ ಅಂಕಿಯೋ, ಕೈಯಾರೆ ಆರಿಸಿದ ಅಂಕಿಯೋ?

1995ರ ಜನವರಿ 14, ಶನಿವಾರ. ಬ್ರಿಟನ್ನಿನ ನ್ಯಾಷನಲ್ ಲಾಟರಿ ಶುರುವಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಅಂದು ನಡೆದ ಒಂಬತ್ತನೆಯ ಡ್ರಾದಲ್ಲಿ ಯಂತ್ರದಿಂದ ಹೊರಬಿದ್ದ ಆರು ಚೆಂಡುಗಳ ಮೇಲಿದ್ದ ಸಂಖ್ಯೆಗಳು 7, 17, 23, 32, 38 ಮತ್ತು 42. ಮೊದಲ ಬಹುಮಾನದ ಮೊತ್ತ 1 ಕೋಟಿ 62 ಲಕ್ಷ ಪೌಂಡ್‌ಗೂ ಹೆಚ್ಚು. ಆರೂ ಸಂಖ್ಯೆ ಹೊಂದಿದವರು ಕೋಟ್ಯಧಿಪತಿಗಳಾಗಬೇಕಿತ್ತು. ಆದರೆ ಎಣಿಸಿ ನೋಡಿದಾಗ ಗೆದ್ದ ಟಿಕೆಟ್‌ಗಳು 133! ಹಣವನ್ನು ಸಮನಾಗಿ ಹಂಚಿದಾಗ ಒಬ್ಬೊಬ್ಬರ ಪಾಲಿಗೆ ಬಂದದ್ದು 1,22,510 ಪೌಂಡ್ ಮಾತ್ರ.

ಲಾಟರಿ ಆಡುವವರ ನಡುವೆ ಎಂದೂ ಮುಗಿಯದ ಒಂದು ವಾದವಿದೆ. ಸಂಖ್ಯೆಗಳನ್ನು ತಾವೇ ಆರಿಸಿಕೊಂಡರೆ ಒಳ್ಳೆಯದೋ, ಅಂಗಡಿಯ ಯಂತ್ರವೇ ಆರಿಸಿ ಮುದ್ರಿಸಿಕೊಡುವ ಟಿಕೆಟ್ ಒಳ್ಳೆಯದೋ ಎಂಬುದು. ಯಂತ್ರದ ಆಯ್ಕೆಗೆ ಅಮೆರಿಕದಲ್ಲಿ ‘ಕ್ವಿಕ್ ಪಿಕ್’ ಎನ್ನುತ್ತಾರೆ, ಬ್ರಿಟನ್ನಿನಲ್ಲಿ ‘ಲಕ್ಕಿ ಡಿಪ್’. ಈ ವಾದಕ್ಕೆ ಉತ್ತರ ಬೇಕೆಂದರೆ ಆ 133 ಮಂದಿಯ ಡ್ರಾವನ್ನೇ ಬಿಡಿಸಿ ನೋಡಬೇಕು.

ಮೊದಲು ಗೆಲ್ಲುವ ಸಾಧ್ಯತೆಯ ಲೆಕ್ಕ. ಆಗಿನ ಬ್ರಿಟಿಷ್ ಲಾಟರಿಯಲ್ಲಿ 1ರಿಂದ 49ರವರೆಗಿನ ಸಂಖ್ಯೆಗಳಲ್ಲಿ ಆರನ್ನು ಆರಿಸಬೇಕಿತ್ತು. 49ರಲ್ಲಿ ಆರನ್ನು ಒಟ್ಟು 1,39,83,816 ಬಗೆಯಲ್ಲಿ ಆರಿಸಬಹುದು. ಡ್ರಾ ಪ್ರಾಮಾಣಿಕವಾಗಿದ್ದರೆ ಈ ಗುಂಪುಗಳಲ್ಲಿ ಪ್ರತಿಯೊಂದಕ್ಕೂ ಇರುವ ಅವಕಾಶ ಒಂದೇ. 1, 2, 3, 4, 5, 6 ಎಂದು ಬರೆದ ಟಿಕೆಟ್ಟಿಗೂ ಅಷ್ಟೇ, ಮಗಳ ಹುಟ್ಟಿದ ದಿನದಿಂದ ಹೆಕ್ಕಿದ ಟಿಕೆಟ್ಟಿಗೂ ಅಷ್ಟೇ, ಯಂತ್ರ ಕೊಟ್ಟದ್ದಕ್ಕೂ ಅಷ್ಟೇ: ಸುಮಾರು 1 ಕೋಟಿ 40 ಲಕ್ಷದಲ್ಲಿ ಒಂದು. ಟಿಕೆಟ್ಟಿನ ಮೇಲಿನ ಸಂಖ್ಯೆ ಹೇಗೆ ಬಂತೆಂಬುದು ಡ್ರಾದ ಚೆಂಡುಗಳಿಗೆ ತಿಳಿಯುವುದಿಲ್ಲ. ಹಲವು ವಾರ ಬಾರದ ಸಂಖ್ಯೆ ಈ ವಾರ ಬರಲೇಬೇಕು ಎಂಬ ನಂಬಿಕೆಯೂ ಇಲ್ಲೇ ಬಿದ್ದುಹೋಗುತ್ತದೆ, ಏಕೆಂದರೆ ಹಿಂದಿನ ಡ್ರಾದ ನೆನಪೂ ಚೆಂಡುಗಳಿಗಿಲ್ಲ.

ಇಷ್ಟಾದರೂ ಕ್ವಿಕ್ ಪಿಕ್ಕೇ ಮೇಲು ಎನ್ನುವವರ ಕೈಯಲ್ಲಿ ಒಂದು ಅಂಕಿಅಂಶವಿರುತ್ತದೆ. ಅಮೆರಿಕದ ಪವರ್‌ಬಾಲ್ ಲಾಟರಿಯಲ್ಲಿ ಗೆಲ್ಲುವ ಟಿಕೆಟ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲು ಯಂತ್ರವೇ ಆರಿಸಿಕೊಟ್ಟವು. ಮಾತು ನಿಜ. ಆದರೆ ಅಲ್ಲಿ ಮಾರಾಟವಾಗುವ ಟಿಕೆಟ್‌ಗಳಲ್ಲೂ ಹೆಚ್ಚುಕಡಿಮೆ ಮುಕ್ಕಾಲು ಪಾಲು ಕ್ವಿಕ್ ಪಿಕ್ಕೇ. ನೂರು ಟಿಕೆಟ್ ಮಾರಿದಾಗ 75 ಯಂತ್ರದವು, 25 ಕೈಯಾರೆ ಆರಿಸಿದವು ಎಂದಿಟ್ಟುಕೊಳ್ಳಿ. ಎರಡಕ್ಕೂ ಸಮಾನ ಅವಕಾಶವಿದ್ದಾಗ ನೂರು ವಿಜೇತರಲ್ಲಿ ಸುಮಾರು 75 ಮಂದಿ ಯಂತ್ರದ ಟಿಕೆಟ್ ಹಿಡಿದಿರುವುದು ಸಹಜ. ಯಂತ್ರಕ್ಕೆ ವಿಶೇಷ ಬಲವಿದೆ ಎನ್ನಬೇಕಾದರೆ ಗೆಲುವಿನಲ್ಲಿ ಅದರ ಪಾಲು ಮಾರಾಟದ ಪಾಲನ್ನು ಮೀರಬೇಕಿತ್ತು. ಅದು ಮೀರಿಲ್ಲ.

ಹಾಗಾದರೆ ಎರಡರ ನಡುವೆ ವ್ಯತ್ಯಾಸವೇ ಇಲ್ಲವೇ? ಇದೆ. ಅದು ಗೆಲ್ಲುವ ಸಾಧ್ಯತೆಯಲ್ಲಿಲ್ಲ, ಗೆದ್ದ ಮೇಲೆ ಕೈಗೆ ಸಿಗುವ ಹಣದಲ್ಲಿದೆ.

ಬ್ರಿಟನ್ನಿನ ಆ ಡ್ರಾಗೆ ಸುಮಾರು ಏಳು ಕೋಟಿ ಟಿಕೆಟ್ ಮಾರಾಟವಾಗಿದ್ದವು. ಎಲ್ಲರೂ ಕಣ್ಣುಮುಚ್ಚಿ ಗುರುತು ಹಾಕಿದ್ದರೆ ಏಳು ಕೋಟಿಯನ್ನು 1.4 ಕೋಟಿಯಿಂದ ಭಾಗಿಸಿದಷ್ಟು, ಎಂದರೆ ಐವರು ವಿಜೇತರಿರಬೇಕಿತ್ತು. ಒಬ್ಬೊಬ್ಬರಿಗೂ 30 ಲಕ್ಷ ಪೌಂಡ್‌ಗೂ ಹೆಚ್ಚು ಸಿಗಬೇಕಿತ್ತು. ಐವರ ಜಾಗದಲ್ಲಿ 133 ಮಂದಿ ಬಂದದ್ದು ಹೇಗೆ?

ಉತ್ತರ ಗುರುತು ಹಾಕುವ ಚೀಟಿಯಲ್ಲಿತ್ತು. ಅದರಲ್ಲಿ ಸಂಖ್ಯೆಗಳನ್ನು ಸಾಲಿಗೆ ಐದರಂತೆ ಅಚ್ಚು ಹಾಕಲಾಗಿತ್ತು. ಗೆದ್ದ ಆರು ಸಂಖ್ಯೆಗಳನ್ನು ಆ ಚೀಟಿಯ ಮೇಲೆ ಹುಡುಕಿದರೆ 7, 17, 32 ಮತ್ತು 42 ಎರಡನೆಯ ಕಂಬಸಾಲಿನಲ್ಲಿ, 23 ಮತ್ತು 38 ಮೂರನೆಯದರಲ್ಲಿ ಸಿಗುತ್ತವೆ. ಒಂದೂ ಅಂಚಿನಲ್ಲಿಲ್ಲ. ಅಡ್ಡಸಾಲುಗಳನ್ನು ನೋಡಿದರೆ ಆರೂ ಬೇರೆ ಬೇರೆ ಸಾಲಿನವು. ಮನುಷ್ಯ ‘ಸುಮ್ಮನೆ ಎಲ್ಲಾದರೂ’ ಗುರುತು ಹಾಕಲು ಹೊರಟಾಗ ಅವನ ಪೆನ್ನು ಅಂಚು ಬಿಟ್ಟು ನಡುವಿಗೆ ಬರುತ್ತದೆ, ಅಕ್ಕಪಕ್ಕದ ಸಂಖ್ಯೆಗಳನ್ನು ತಪ್ಪಿಸುತ್ತದೆ, ಮೇಲಿನಿಂದ ಕೆಳಗೆ ಹರಡುತ್ತದೆ. ಹೀಗೆ ಪ್ರತಿಯೊಬ್ಬನೂ ತನ್ನದೇ ಆಯ್ಕೆ ಎಂದುಕೊಂಡದ್ದು ನೂರಾರು ಜನರ ಆಯ್ಕೆಯಾಗಿಬಿಡುತ್ತದೆ. ಲಕ್ಕಿ ಡಿಪ್ ಆಗ ಇನ್ನೂ ಬಂದಿರಲಿಲ್ಲ. ಅದನ್ನು ಶುರು ಮಾಡಿದ್ದು 1996ರಲ್ಲಿ.

ಹುಟ್ಟಿದ ದಿನಗಳನ್ನು ಆರಿಸುವವರದೂ ಇದೇ ಪಾಡು. ತಿಂಗಳಿಗೆ 31ಕ್ಕಿಂತ ಹೆಚ್ಚು ದಿನವಿಲ್ಲ, ವರ್ಷಕ್ಕೆ 12ಕ್ಕಿಂತ ಹೆಚ್ಚು ತಿಂಗಳಿಲ್ಲ. ಆದ್ದರಿಂದ ಚಿಕ್ಕ ಸಂಖ್ಯೆಗಳ ಮೇಲೆ ಜನ ಮುಗಿಬೀಳುತ್ತಾರೆ. ಸಾಲು ಸಂಖ್ಯೆಗಳಂತೂ ಯಾರೂ ಮುಟ್ಟದವು ಎಂದು ಹಲವರು ತಿಳಿದಿದ್ದಾರೆ. ದಕ್ಷಿಣ ಆಫ್ರಿಕಾದ ಪವರ್‌ಬಾಲ್‌ನಲ್ಲಿ 2020ರ ಡಿಸೆಂಬರ್ 1ರಂದು 5, 6, 7, 8, 9 ಬಂದು, ಪವರ್‌ಬಾಲ್ ಸಂಖ್ಯೆಯಾಗಿ 10 ಬಿತ್ತು. ಮೋಸ ನಡೆದಿದೆ ಎಂದು ಜನ ಗುಲ್ಲೆಬ್ಬಿಸಿದರು. ಆದರೆ ಅದೇ ಸಾಲನ್ನು ಆರಿಸಿದ್ದ 20 ಮಂದಿ ಇದ್ದರು. ಮೊದಲ ಬಹುಮಾನವನ್ನು ಅವರು ಹಂಚಿಕೊಂಡು ತಲಾ ಸುಮಾರು 57 ಲಕ್ಷ ರ‍್ಯಾಂಡ್ ಪಡೆದರು.

ಯಂತ್ರಕ್ಕೆ ಹುಟ್ಟುಹಬ್ಬವಿಲ್ಲ, ಚೀಟಿಯ ನಡುವಿನ ಮೋಹವಿಲ್ಲ. ಅದು ಕೊಡುವ ಗುಂಪು ಜನಪ್ರಿಯ ಗುಂಪುಗಳಲ್ಲಿ ಒಂದಾಗುವ ಸಂಭವ ಕಡಿಮೆ. ಕ್ವಿಕ್ ಪಿಕ್‌ನ ಲಾಭ ಇಷ್ಟೇ. ಈ ಲಾಭವನ್ನು ಕೈಯಾರೆ ಆರಿಸಿಯೂ ಪಡೆಯಬಹುದು, ಇನ್ನೂ ಸ್ವಲ್ಪ ಹೆಚ್ಚಾಗಿಯೇ ಪಡೆಯಬಹುದು: 31ಕ್ಕಿಂತ ದೊಡ್ಡ ಸಂಖ್ಯೆಗಳನ್ನು ಹೆಚ್ಚಾಗಿ ಸೇರಿಸಿಕೊಂಡು, ಚೀಟಿಯ ಅಂಚುಗಳನ್ನೂ ಬಳಸಿ, ಚಂದದ ವಿನ್ಯಾಸಗಳನ್ನು ಬಿಟ್ಟರೆ ಸಾಕು. ಯಂತ್ರವಾದರೋ ಕೆಲವೊಮ್ಮೆ ತಾನಾಗಿಯೇ ಜನಪ್ರಿಯ ಗುಂಪೊಂದನ್ನು ಕೊಟ್ಟುಬಿಡಬಹುದು.

ಬಹುಮಾನದ ಮೊತ್ತ ಮೊದಲೇ ನಿಗದಿಯಾಗಿದ್ದಲ್ಲಿ ಈ ಎಚ್ಚರಿಕೆಗೂ ಅರ್ಥವಿಲ್ಲ. ಅಮೆರಿಕದಲ್ಲಿ 2005ರ ಮಾರ್ಚ್ 30ರ ಪವರ್‌ಬಾಲ್ ಡ್ರಾದಲ್ಲಿ ಎರಡನೆಯ ಬಹುಮಾನ ಗೆದ್ದವರು 110 ಮಂದಿ. ಇಷ್ಟೊಂದು ಜನ ಗೆದ್ದದ್ದು ಕಂಡು ಅಧಿಕಾರಿಗಳು ವಂಚನೆಯನ್ನೇ ಶಂಕಿಸಿದರು. ವಿಚಾರಿಸಿದಾಗ, ಚೀನೀ ಹೋಟೆಲುಗಳಲ್ಲಿ ಊಟದ ಕೊನೆಗೆ ಕೊಡುವ ಬಿಸ್ಕತ್ತಿನೊಳಗಿನ ಭವಿಷ್ಯದ ಚೀಟಿಯಲ್ಲಿದ್ದ ಸಂಖ್ಯೆಗಳನ್ನೇ ಅವರು ಬರೆದಿದ್ದರೆಂದು ಗೊತ್ತಾಯಿತು. ಬಿಸ್ಕತ್ತು ಬಂದದ್ದು ನ್ಯೂಯಾರ್ಕಿನ ಒಂದು ಕಾರ್ಖಾನೆಯಿಂದ. ಎರಡನೆಯ ಬಹುಮಾನ ನಿಗದಿತ ಮೊತ್ತದ್ದಾಗಿದ್ದರಿಂದ ಯಾರ ಪಾಲೂ ಕುಗ್ಗಲಿಲ್ಲ, ಕನಿಷ್ಠ ಒಂದು ಲಕ್ಷ ಡಾಲರ್ ಪ್ರತಿಯೊಬ್ಬರಿಗೂ ಸಿಕ್ಕಿತು. ಹೊರೆ ಬಿದ್ದದ್ದು ಲಾಟರಿ ನಡೆಸುವವರ ಮೇಲೆ.

ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ. ಗಡಿಯಾಚೆ ಕೇರಳದಲ್ಲಿ ಸರ್ಕಾರವೇ ಮಾರುವುದು ಸರಣಿಯ ಅಕ್ಷರ ಮತ್ತು ಸಂಖ್ಯೆ ಮೊದಲೇ ಅಚ್ಚಾದ ಕಾಗದದ ಟಿಕೆಟ್. ಅಲ್ಲಿ ಮೊದಲ ಬಹುಮಾನದ ಟಿಕೆಟ್ ಒಂದೇ ಇರುವುದರಿಂದ ಹಂಚಿಕೆಯ ಪ್ರಶ್ನೆ ಏಳುವುದಿಲ್ಲ. ಕಟ್ಟಿನಿಂದ ತಡಕಾಡಿ ‘ಅದೃಷ್ಟದ’ ಸಂಖ್ಯೆ ಹುಡುಕಿದರೂ, ಮಾರುವವನು ಕೊಟ್ಟದ್ದನ್ನೇ ತೆಗೆದುಕೊಂಡರೂ ಅವಕಾಶ ಒಂದೇ.

ಪವರ್‌ಬಾಲ್‌ನಂಥ ಲಾಟರಿ ಆಡುವ ವಿದೇಶದ ಕನ್ನಡಿಗರು ತಿಳಿದಿರಬೇಕಾದ್ದು ಇಷ್ಟು: ಅಲ್ಲಿ ಜಾಕ್‌ಪಾಟ್ ಗೆಲ್ಲುವ ಅವಕಾಶ ಒಂದು ಟಿಕೆಟ್ಟಿಗೆ ಸುಮಾರು 29 ಕೋಟಿ 22 ಲಕ್ಷದಲ್ಲಿ ಒಂದು. ಯಾರು ಆರಿಸಿದರೂ, ಹೇಗೆ ಆರಿಸಿದರೂ ಈ ಅಂಕಿ ಬದಲಾಗದು. ಆಯ್ಕೆಯಿಂದ ಆಗುವುದೆಂದರೆ, ಅಕಸ್ಮಾತ್ ಗೆದ್ದರೆ ಪಾಲುದಾರರು ಕಡಿಮೆ ಇರುವಂತೆ ನೋಡಿಕೊಳ್ಳುವುದು ಮಾತ್ರ.